ಪತ್ರ, ಮಳಿಗೆ, ಅವಧಿ: ಚಿಕ್ಕಬಳ್ಳಾಪುರ ಸೀಮೆಯಲ್ಲಿ ರಿವರ್ಸ್ ಮಾರ್ಟ್‌ಗೇಜ್ ಕುರಿತು ಒಂದು ಸಂಶೋಧನಾ ಟಿಪ್ಪಣಿ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಪಟ್ಟಣಗಳಲ್ಲಿ ಸ್ವಂತ ಮನೆಯಿದ್ದೂ ಕೈಯಲ್ಲಿ ಕಾಸಿಲ್ಲದ ಹಿರಿಯರು ಅಪರೂಪವೇನಲ್ಲ. ಖಾಸಗಿ ಶಾಲೆಯಲ್ಲೋ ಕಾರ್ಖಾನೆಯಲ್ಲೋ ದುಡಿದು ನಿವೃತ್ತರಾದವರಿಗೆ ಭವಿಷ್ಯ ನಿಧಿಯ ಪಿಂಚಣಿ ಬರುತ್ತದೆ, ಆದರೆ 2014ರಲ್ಲಿ ಗೊತ್ತುಮಾಡಿದ ಅದರ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ರೇಷ್ಮೆ ನೂಲು ಬಿಚ್ಚುವ ಕಸುಬು ಬಿಟ್ಟ ಶಿಡ್ಲಘಟ್ಟದ ರೀಲರಿಗೆ, ಅಂಗಡಿ ಮುಚ್ಚಿದ ಚಿಂತಾಮಣಿಯ ವ್ಯಾಪಾರಿಗೆ ಅದೂ ಇಲ್ಲ. ಇಂಥವರಿಗೆಂದೇ ರೂಪಿಸಿದ ಸಾಲ ರಿವರ್ಸ್ ಮಾರ್ಟ್‌ಗೇಜ್. ಮನೆಯನ್ನು ಬ್ಯಾಂಕಿಗೆ ಅಡಮಾನ ಮಾಡಿ, ಅದೇ ಮನೆಯಲ್ಲಿ ವಾಸವಿದ್ದುಕೊಂಡು, ಬ್ಯಾಂಕಿನಿಂದ ತಿಂಗಳು ತಿಂಗಳು ಹಣ ಪಡೆಯುವುದು ಇದರ ರೀತಿ. ಕಂತು ಕಟ್ಟುವ ಪ್ರಶ್ನೆ ಬದುಕಿರುವವರೆಗೆ ಏಳುವುದಿಲ್ಲ. ದಂಪತಿಯಲ್ಲಿ ಕೊನೆಯವರು ತೀರಿಕೊಂಡ ಮೇಲೆ ಮನೆ ಮಾರಿ ಸಾಲ ತೀರುತ್ತದೆ, ಉಳಿದದ್ದು ವಾರಸುದಾರರಿಗೆ ಸೇರುತ್ತದೆ.

ಈ ಟಿಪ್ಪಣಿಯ ವಾದ ಸೀಮಿತವಾದದ್ದು. ರಿವರ್ಸ್ ಮಾರ್ಟ್‌ಗೇಜ್ ಬಗ್ಗೆ ನಡೆಯುವ ಚರ್ಚೆಯೆಲ್ಲ ಸಾಮಾನ್ಯವಾಗಿ ಬಡ್ಡಿಯ ಸುತ್ತ, ಇಲ್ಲವೇ ಮನೆಯ ಮೇಲಿನ ಮಮತೆಯ ಸುತ್ತ ತಿರುಗುತ್ತದೆ. ಈ ನಾಲ್ಕು ಊರುಗಳ ಮಟ್ಟಿಗೆ ಅದಕ್ಕಿಂತ ಮೊದಲೇ ಎರಡು ಸಂಗತಿಗಳು ತೀರ್ಮಾನವಾಗಬೇಕು: ಮನೆಯ ಪತ್ರ ಯಾರ ಹೆಸರಲ್ಲಿ, ಯಾವ ಬಗೆಯಲ್ಲಿದೆ ಎಂಬುದು ಒಂದು, ಆ ಮನೆ ಬರೀ ವಾಸಕ್ಕಿದೆಯೇ, ಅದರಿಂದ ಬಾಡಿಗೆಯೂ ಬರುತ್ತದೆಯೇ ಎಂಬುದು ಇನ್ನೊಂದು. ಇವೆರಡನ್ನೂ ದಾಟಿದ ಅರ್ಜಿಗೆ ಮಾತ್ರ ಲೆಕ್ಕದ ಮಾತು ಅನ್ವಯಿಸುತ್ತದೆ.

ಯೋಜನೆಯ ಹುಟ್ಟನ್ನು ಚುಟುಕಾಗಿ ಹೇಳಬಹುದು. 2007–08ರ ಕೇಂದ್ರ ಬಜೆಟ್‌ನಲ್ಲಿ ಪಿ. ಚಿದಂಬರಂ ಇದನ್ನು ಪ್ರಕಟಿಸಿದರು. ಅದೇ ವರ್ಷ ರಾಷ್ಟ್ರೀಯ ವಸತಿ ಬ್ಯಾಂಕ್ ಮಾರ್ಗಸೂಚಿ ಹೊರಡಿಸಿತು. ತಿಂಗಳ ಹಣಕ್ಕೆ ತೆರಿಗೆ ಬೀಳುತ್ತದೆಯೇ, ಅಡಮಾನವನ್ನೇ ಮಾರಾಟವೆಂದು ಎಣಿಸಿ ಬಂಡವಾಳ ಲಾಭದ ತೆರಿಗೆ ಹಾಕುತ್ತಾರೆಯೇ ಎಂಬ ಎರಡು ಅನುಮಾನಗಳನ್ನು 2008ರ ಹಣಕಾಸು ಕಾಯ್ದೆ ನಿವಾರಿಸಿತು. 1961ರ ಆದಾಯ ತೆರಿಗೆ ಕಾಯ್ದೆಗೆ ಆಗ ಸೇರಿದ ಕಲಂ 10(43) ಹೀಗೆ ಬಂದ ಹಣ ಆದಾಯವಲ್ಲವೆಂದಿತು, 47(xvi) ಈ ಅಡಮಾನ ವರ್ಗಾವಣೆಯಲ್ಲವೆಂದಿತು. ಕಾಕತಾಳೀಯವೆಂಬಂತೆ, ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದೂ 2007ರಲ್ಲೇ. ಜಿಲ್ಲೆ ಬೆಳೆಯಿತು, ಬೆಂಗಳೂರಿನ ನೆರಳಿನಲ್ಲಿ ಸೈಟುಗಳ ಬೆಲೆ ಬೆಳೆಯಿತು, ಈ ಸಾಲ ಮಾತ್ರ ಬೆಳೆಯಲಿಲ್ಲ.

ಮಾರ್ಗಸೂಚಿಯ ಪ್ರಕಾರ ಅರ್ಜಿದಾರರಿಗೆ 60 ವರ್ಷ ತುಂಬಿರಬೇಕು. ದಂಪತಿ ಜಂಟಿಯಾಗಿ ಪಡೆಯುವುದಾದರೆ ಒಬ್ಬರಿಗೆ 60, ಇನ್ನೊಬ್ಬರಿಗೆ ಕನಿಷ್ಠ 55 ಆಗಿರಬೇಕು. ಮನೆ ಸ್ವಯಾರ್ಜಿತವಾಗಿರಬೇಕು, ಅದರಲ್ಲಿ ಅವರೇ ವಾಸವಿರಬೇಕು, ಹಕ್ಕು ನಿಷ್ಕಳಂಕವಾಗಿರಬೇಕು, ಕಟ್ಟಡ ಇನ್ನೂ ಕನಿಷ್ಠ 20 ವರ್ಷ ಬಾಳುವಂತಿರಬೇಕು. ಓದಲು ಸರಳವಾಗಿ ಕಾಣುವ ಈ ಷರತ್ತುಗಳಲ್ಲಿ ನಮ್ಮ ಸೀಮೆಗೆ ಕಷ್ಟವಾಗುವುದು ‘ಸ್ವಯಾರ್ಜಿತ’ ಮತ್ತು ‘ನಿಷ್ಕಳಂಕ’ ಎಂಬ ಎರಡು ಷರತ್ತುಗಳು.

ಮನೆ ಹಿರಿಯರ ಕೈಗೆ ಬಂದ ದಾರಿಗಳನ್ನು ಗಮನಿಸಿ. ಕ್ರಯಪತ್ರ ಮಾಡಿಸಿಕೊಂಡು ಸೈಟು ಕೊಂಡು, ಪಟ್ಟಣ ಪಂಚಾಯಿತಿಯೋ ಪುರಸಭೆಯೋ ಅನುಮತಿ ಕೊಟ್ಟ ನಕ್ಷೆಯಂತೆ ಕಟ್ಟಿದ್ದರೆ ತೊಡಕಿಲ್ಲ. ಹಳೆಯ ಪೇಟೆಬೀದಿಗಳ ಮನೆಗಳ ಕತೆ ಹಾಗಲ್ಲ. ಅಣ್ಣತಮ್ಮಂದಿರು ವಿಭಾಗಪತ್ರ ಮಾಡಿಕೊಂಡಾಗ ಪಾಲಿಗೆ ಬಂದ ಮನೆ ಹಿರಿಯರ ಹೆಸರಿನಲ್ಲೇ ಖಾತೆಯಾಗಿರುತ್ತದೆ, ಅವರು ಅದನ್ನು ತಮ್ಮದೆಂದೇ ತಿಳಿದಿರುತ್ತಾರೆ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಾದರೆ ಅದರಲ್ಲಿ ಅವರ ಮಕ್ಕಳಿಗೂ ಹುಟ್ಟಿನಿಂದ ಹಕ್ಕಿದೆ. 2005ರ ತಿದ್ದುಪಡಿಯ ನಂತರ, ಅದನ್ನು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದ ಮೇಲಂತೂ, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಪಾಲೂ ಅದರಲ್ಲಿ ಸೇರಿದೆ. ಬ್ಯಾಂಕಿನ ವಕೀಲರು ವಿಭಾಗಪತ್ರ ನೋಡಿದ ಕೂಡಲೇ ಕಡತ ಬದಿಗಿಡುವುದಕ್ಕೆ ಇದೇ ಕಾರಣ. ಅವರ ಅನುಮಾನ ಅನ್ಯಾಯದ್ದೇನಲ್ಲ.

ವಿಧವೆಯರ ಸ್ಥಿತಿ ಇನ್ನೂ ಬಿಗಿ. ಆದಾಯವಿಲ್ಲದೆ ಮನೆಯೊಂದೇ ಉಳಿದಿರುವವರಲ್ಲಿ ಈ ಯೋಜನೆಯ ಅಗತ್ಯ ಅವರಿಗೇ ಹೆಚ್ಚು. ಗಂಡ ಕೊಂಡ ಮನೆ, ಗಂಡನ ಹೆಸರಿನ ಖಾತೆ, ವಿಲ್ ಬರೆದಿಲ್ಲ. ಅವರು ತೀರಿಕೊಂಡಾಗ ಹೆಂಡತಿ ಮತ್ತು ಮಕ್ಕಳು ಸಮಪಾಲುದಾರರಾಗುತ್ತಾರೆ. ಖಾತೆಯನ್ನು ತಾಯಿಯ ಹೆಸರಿಗೆ ಬದಲಾಯಿಸಿದ ಮಾತ್ರಕ್ಕೆ ಮಕ್ಕಳ ಪಾಲು ಅಳಿಯುವುದಿಲ್ಲ. ಖಾತೆ ಎನ್ನುವುದು ಕಂದಾಯ ಕಟ್ಟುವವರು ಯಾರೆಂಬುದರ ದಾಖಲೆ, ಮಾಲೀಕತ್ವದ ಪತ್ರವಲ್ಲ. ಮಕ್ಕಳೆಲ್ಲರೂ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟರೆ ಮಾತ್ರ ತಾಯಿ ಒಬ್ಬಳೇ ಒಡತಿ. ಹಾಗೆ ಬರೆದುಕೊಟ್ಟ ಮೇಲೂ ಅದನ್ನು ಸ್ವಯಾರ್ಜಿತವೆಂದು ಒಪ್ಪುವುದು ಬಿಡುವುದು ಸಾಲ ಕೊಡುವವರ ವಿವೇಚನೆ. ಇಲ್ಲಿ ಒಂದು ವಿಪರ್ಯಾಸವಿದೆ. ಮಕ್ಕಳ ಹಂಗಿಲ್ಲದೆ ಬದುಕಲೆಂದು ಮಾಡಿದ ಸಾಲಕ್ಕೆ ಮಕ್ಕಳೆಲ್ಲರ ಸಹಿ ಬೇಕು. ಸಹಿ ಹಾಕುವಷ್ಟು ಹೊಂದಾಣಿಕೆಯಿರುವ ಮನೆಯಲ್ಲಿ ತಾಯಿಗೆ ಈ ಸಾಲದ ಅಗತ್ಯವೇ ಬಹುಶಃ ಬೀಳುವುದಿಲ್ಲ.

ಮುಂದಿನದು ಜಾಗದ ಪ್ರಶ್ನೆ. ಪಟ್ಟಣದ ಅಂಚಿನಲ್ಲಿ, ಭೂಪರಿವರ್ತನೆಯಾಗದ ಹೊಲವನ್ನು ತುಂಡು ಮಾಡಿ ಮಾರಿದ ರೆವಿನ್ಯೂ ಸೈಟುಗಳ ಮೇಲೆ ಎದ್ದ ಬಡಾವಣೆಗಳು ನಾಲ್ಕೂ ಕಡೆ ಇವೆ. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಇ-ಸ್ವತ್ತು ದಾಖಲೆ ಕೇಳುತ್ತಾರೆ. ನಮೂನೆ 9 ಮತ್ತು 11ಎ ಇದ್ದರೆ ಮಾತು ಮುಂದುವರಿಯುತ್ತದೆ. 11ಬಿ ಮಾತ್ರ ಇದ್ದರೆ ಕಟ್ಟಡ ಎಷ್ಟು ಚೆಂದವಿದ್ದರೂ ಸಾಲ ಹುಟ್ಟುವುದು ಕಷ್ಟ. ಪುರಸಭೆ, ನಗರಸಭೆಗಳಲ್ಲಿ ಬಿ-ಖಾತೆಯದೂ ಇದೇ ಪಾಡು. ಬಿ-ಖಾತೆ ಸಿಕ್ಕಿತೆಂದರೆ ತೆರಿಗೆ ಕಟ್ಟಲು ದಾರಿಯಾಯಿತು ಎಂದಷ್ಟೇ ಅರ್ಥ, ಮನೆ ಸಕ್ರಮವಾಯಿತೆಂದಲ್ಲ. ಸರ್ಕಾರ ಕೊಟ್ಟ ನಿವೇಶನದ ಹಕ್ಕುಪತ್ರದಲ್ಲಿ ಪರಭಾರೆ ನಿಷೇಧದ ಅವಧಿ ನಮೂದಾಗಿದ್ದರೆ ಅದು ಮುಗಿಯುವವರೆಗೆ ಅಡಮಾನದ ಮಾತೇ ಇಲ್ಲ. ಅರ್ಜಿ ಹಾಕುವ ಮುಂಚೆ ಉಪನೋಂದಣಾಧಿಕಾರಿ ಕಚೇರಿಯ ಋಣಭಾರ ಪತ್ರವನ್ನು, ಅಂದರೆ ಇಸಿಯನ್ನು, ಸಾಧ್ಯವಾದಷ್ಟು ಹಿಂದಿನ ವರ್ಷಗಳಿಂದ ತೆಗೆಸುವುದು ಒಳ್ಳೆಯದು. ಎಂದೋ ತೀರಿಸಿದ ಹಳೆಯ ಅಡಮಾನ ರದ್ದಾಗದೆ ಅದರಲ್ಲಿ ಹಾಗೆಯೇ ಉಳಿದಿರುವುದು ಬ್ಯಾಂಕಿನ ವಕೀಲರಿಗಿಂತ ಮೊದಲೇ ನಮಗೆ ಗೊತ್ತಾಗಬೇಕು.

ಪತ್ರ ಸರಿಯಿದ್ದರೂ ಮನೆಯ ಬಳಕೆ ಅಡ್ಡ ಬರಬಹುದು. ಚಿಂತಾಮಣಿಯಂಥ ವ್ಯಾಪಾರದ ಊರಿನಲ್ಲಿ ಮುಂಭಾಗ ಮಳಿಗೆ, ಹಿಂದೆ ಮತ್ತು ಮೇಲೆ ವಾಸ ಎಂಬುದು ಸಾಮಾನ್ಯ ವಿನ್ಯಾಸ. ಶಿಡ್ಲಘಟ್ಟದಲ್ಲಿ ಮನೆಗೆ ಹೊಂದಿಕೊಂಡೇ ಚರಕವೋ ಬೇಸಿನ್ನೋ ಇರುವ ಶೆಡ್ಡು ಇರುತ್ತದೆ; ಹಿರಿಯರು ಕಸುಬು ಬಿಟ್ಟ ಮೇಲೆ ಅದನ್ನು ಬೇರೆ ರೀಲರಿಗೆ ಬಾಡಿಗೆಗೆ ಕೊಟ್ಟಿರುತ್ತಾರೆ. ಮೊದಲ ತೊಡಕು, ಇದು ವಾಸದ ಮನೆಯೇ, ಅಲ್ಲವೇ ಎಂಬ ಬ್ಯಾಂಕಿನ ಪ್ರಶ್ನೆ. ಎರಡನೆಯದು ಹೆಚ್ಚು ಗಂಭೀರ. ಸಾಲ ನಡೆಯುತ್ತಿರುವಾಗ ಮನೆಯ ಭಾಗವನ್ನಾಗಲಿ ಪೂರ್ತಿಯನ್ನಾಗಲಿ ಬಾಡಿಗೆಗೆ ಕೊಡುವುದು, ಮಾಲೀಕರ ಸಾಲಿಗೆ ಹೊಸ ಹೆಸರು ಸೇರಿಸುವುದು, ಮನೆಯ ಮೇಲೆ ಮತ್ತೆ ಸಾಲ ಮಾಡುವುದು ಇವೆಲ್ಲ ಸಾಲವನ್ನು ತಕ್ಷಣ ವಸೂಲಿಗೆ ತರಬಲ್ಲ ಕಾರಣಗಳೆಂದು ಮಾರ್ಗಸೂಚಿ ಪಟ್ಟಿ ಮಾಡಿದೆ. ಅಂದರೆ ಮುಂದಿನ ಮಳಿಗೆಯ ಬಾಡಿಗೆಯಿಂದ ಜೀವನ ನಡೆಸುವ ಕುಟುಂಬ ಈ ಸಾಲಕ್ಕಾಗಿ ಆ ಬಾಡಿಗೆಯನ್ನೇ ಬಿಡಬೇಕಾಗಬಹುದು. ಮಂಜೂರಾತಿ ಪತ್ರದಲ್ಲಿ ಬಾಡಿಗೆಗೆ ಲಿಖಿತ ಒಪ್ಪಿಗೆ ಇಲ್ಲದೆ ಸಹಿ ಹಾಕಬಾರದು. ಮ್ಯಾನೇಜರರು ಬಾಯಿಮಾತಿನಲ್ಲಿ ಪರವಾಗಿಲ್ಲ ಎಂದರೆ ಅದು ಅವರ ವರ್ಗಾವಣೆಯವರೆಗೆ ಬಾಳುವ ಮಾತು.

ಈಗ ಲೆಕ್ಕ. ಚಿಂತಾಮಣಿಯಲ್ಲಿ 30×40 ಸೈಟಿನಲ್ಲಿ ಕಟ್ಟಿದ, ಕ್ರಯಪತ್ರ ಸರಿಯಿರುವ ಒಂದು ಮನೆ ಎಂದುಕೊಳ್ಳೋಣ. ಗಂಡನಿಗೆ 66, ಹೆಂಡತಿಗೆ 61. ಬ್ಯಾಂಕಿನ ಮೌಲ್ಯಮಾಪಕರು 50 ಲಕ್ಷ ಬೆಲೆ ಕಟ್ಟಿದರು, ಬ್ಯಾಂಕು ಅದರ ಶೇ 60ರವರೆಗೆ ಸಾಲಕ್ಕೆ ಒಪ್ಪಿತು, ಬಡ್ಡಿ ವರ್ಷಕ್ಕೆ ಶೇ 10, ಅವಧಿ 15 ವರ್ಷ. ಇವು ಲೆಕ್ಕಕ್ಕಾಗಿ ಹಿಡಿದ ಅಂಕಿಗಳು. ಬ್ಯಾಂಕಿನಿಂದ ಬ್ಯಾಂಕಿಗೆ, ವಯಸ್ಸಿನಿಂದ ವಯಸ್ಸಿಗೆ ಬದಲಾಗುತ್ತವೆ.

ಮೊದಲ ನಿರಾಸೆ ಇಲ್ಲೇ ಕಾದಿದೆ. 50 ಲಕ್ಷದ ಶೇ 60 ಎಂದರೆ 30 ಲಕ್ಷ. ಅದನ್ನು 180 ತಿಂಗಳಿಗೆ ಹಂಚಿದರೆ ಹದಿನಾರು ಸಾವಿರ ಚಿಲ್ಲರೆ ಬರುತ್ತದೆ ಎಂದು ಹಲವರು ತಿಳಿಯುತ್ತಾರೆ. ಹಾಗಲ್ಲ. ಆ 30 ಲಕ್ಷ ಎನ್ನುವುದು ಅವಧಿಯ ಕೊನೆಗೆ ಅಸಲು ಮತ್ತು ಬಡ್ಡಿ ಸೇರಿ ಮುಟ್ಟಬೇಕಾದ ಮೊತ್ತ. ಬ್ಯಾಂಕು ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕುತ್ತದೆ: ತಿಂಗಳಿಗೆ ಎಷ್ಟು ಕೊಟ್ಟರೆ ಚಕ್ರಬಡ್ಡಿ ಸೇರಿ 180 ತಿಂಗಳಿಗೆ 30 ಲಕ್ಷ ಆಗುತ್ತದೆ? ಉತ್ತರ ಸುಮಾರು 7,238 ರೂಪಾಯಿ. ಹದಿನೈದು ವರ್ಷದಲ್ಲಿ ದಂಪತಿಯ ಕೈ ಸೇರುವುದು ಒಟ್ಟು 13 ಲಕ್ಷ, ಬಡ್ಡಿ ಸುಮಾರು 17 ಲಕ್ಷ. ಅವಧಿಯನ್ನು 20 ವರ್ಷಕ್ಕೆ ಎಳೆದರೆ ತಿಂಗಳ ಹಣ 3,950ಕ್ಕೆ ಇಳಿಯುತ್ತದೆ. 10 ವರ್ಷಕ್ಕೆ ಇಳಿಸಿದರೆ 14,645ಕ್ಕೆ ಏರುತ್ತದೆ. 66ರ ವಯಸ್ಸಿನಲ್ಲಿ 20 ವರ್ಷದ ಅವಧಿ ಆರಿಸುವುದು ವಿವೇಕದಂತೆ ಕಾಣುತ್ತದೆ, ಆದರೆ ಸಿಗುವ ಹಣ ಒಬ್ಬರ ಔಷಧಿಗೂ ಸಾಲದೇ ಹೋಗಬಹುದು. 76 ದಾಟಿದವರಿಗೆ ಅಲ್ಪಾವಧಿಯ ಲೆಕ್ಕ ಹೆಚ್ಚು ಹೊಂದುತ್ತದೆ. ಈ ಸಾಲ ತಡವಾಗಿ ಪಡೆದಷ್ಟೂ ಉಪಯೋಗ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ಸಾಲ ಬೆಳೆಯುವ ಗತಿಯನ್ನೂ ನೋಡಬೇಕು. ಐದು ವರ್ಷ ಮುಗಿದಾಗ ಅವರು ಪಡೆದದ್ದು 4.34 ಲಕ್ಷ, ಬಾಕಿ 5.6 ಲಕ್ಷ. ಮನಸ್ಸು ಬದಲಾದರೆ ಮಗನೋ ಮಗಳೋ ತೀರಿಸಿ ಪತ್ರ ಬಿಡಿಸಿಕೊಳ್ಳಬಹುದಾದ ಮೊತ್ತ ಇದು. ಹತ್ತು ವರ್ಷಕ್ಕೆ ಪಡೆದದ್ದು 8.7 ಲಕ್ಷ, ಬಾಕಿ 14.8 ಲಕ್ಷ. ಕೊನೆಯ ಐದೇ ವರ್ಷದಲ್ಲಿ ಅದು ದುಪ್ಪಟ್ಟಾಗುತ್ತದೆ. ಹಿಂತಿರುಗುವ ಬಾಗಿಲು ಮೊದಲ ಕೆಲವು ವರ್ಷ ಮಾತ್ರ ಅಗಲವಾಗಿರುತ್ತದೆ.

ಆರಂಭದಲ್ಲಿ ಒಟ್ಟಿಗೆ ದೊಡ್ಡ ಮೊತ್ತ ತೆಗೆದುಕೊಂಡರೆ ಏನಾಗುತ್ತದೆ ಎಂಬುದನ್ನು ಬ್ಯಾಂಕಿನವರು ತಾವಾಗಿ ಬಿಡಿಸಿ ಹೇಳುವುದು ಕಡಿಮೆ. ಚಿಕಿತ್ಸೆಗೆಂದು ಸಾಲದ ಅರ್ಧದವರೆಗೆ, ಗರಿಷ್ಠ 15 ಲಕ್ಷದ ಮಿತಿಯಲ್ಲಿ, ಇಡಿಗಂಟು ಕೊಡಲು ಮಾರ್ಗಸೂಚಿಯಲ್ಲಿ ಅವಕಾಶವಿದೆ. ನಮ್ಮ ದಂಪತಿ ಮೊದಲ ತಿಂಗಳಲ್ಲೇ ಶಸ್ತ್ರಚಿಕಿತ್ಸೆಗೆ 3 ಲಕ್ಷ ತೆಗೆದರು ಎನ್ನಿ. ಹದಿನೈದು ವರ್ಷದಲ್ಲಿ ಅದೊಂದೇ 13.4 ಲಕ್ಷವಾಗುತ್ತದೆ. ಉಳಿದ ಜಾಗ 16.6 ಲಕ್ಷ, ತಿಂಗಳ ಹಣ 7,238ರಿಂದ 4,014ಕ್ಕೆ ಕುಸಿಯುತ್ತದೆ. ಇದೇ 3 ಲಕ್ಷ ಹನ್ನೆರಡನೆಯ ವರ್ಷದಲ್ಲಿ ಬೇಕಾದರೆ ಹೊಡೆತ ಇಷ್ಟಿರದು.

ಮುಂದಿನ ಅಪಾಯ ಬೆಲೆಯೇರಿಕೆ. ತಿಂಗಳ ಹಣ ಒಂದೇ ಇರುತ್ತದೆ; ದಿನಸಿ, ಔಷಧಿ ಹಾಗಿರುವುದಿಲ್ಲ. ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರಿದರೆ ಹದಿನೈದನೆಯ ವರ್ಷದ 7,238 ರೂಪಾಯಿ ಇಂದಿನ ಸುಮಾರು 3,480ಕ್ಕೆ ಸಮ. ಐದು ವರ್ಷಕ್ಕೊಮ್ಮೆಯಾದರೂ ಮನೆಯ ಬೆಲೆಯನ್ನು ಮರುಲೆಕ್ಕ ಹಾಕಬೇಕೆಂಬ ನಿಯಮವಿದೆ ನಿಜ, ಬೆಲೆ ಏರಿದ್ದರೆ ಕಂತು ಹೆಚ್ಚಬಹುದು. ಆದರೆ ಆ ನಿಯಮಕ್ಕೆ ಇನ್ನೊಂದು ಮುಖವಿದೆ. ಪರಿಷ್ಕೃತ ಷರತ್ತನ್ನು ಸಾಲಗಾರರು ಒಪ್ಪದಿದ್ದರೆ ಮುಂದಿನ ಹಣ ನಿಲ್ಲುತ್ತದೆ, ಈವರೆಗಿನ ಬಾಕಿಯ ಮೇಲೆ ಹಳೆಯ ದರದಲ್ಲಿ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಬೆಂಗಳೂರಿನಿಂದ ಬರುವ ಬೇಡಿಕೆಯ ಮೇಲೆ ಏರುವ ಬೆಲೆ ಅದೇ ಕಾರಣಕ್ಕೆ ಮಂಕಾಗಲೂಬಹುದು. ಹೊಸ ರಸ್ತೆ, ಹೊಸ ಕೈಗಾರಿಕೆ ಬರುತ್ತದೆಂಬ ಊಹೆಯ ಬೆಲೆಯನ್ನು ಮೌಲ್ಯಮಾಪಕರು ಎಣಿಸುವುದಿಲ್ಲ. ಹಳೆಯ ಕಟ್ಟಡವಾದರೆ ಜಾಗಕ್ಕೆ ಬೆಲೆ ಕಟ್ಟಿ ಗೋಡೆಗಳಿಗೆ ಸವಕಳಿ ಕಳೆಯುತ್ತಾರೆ.

ಅವಧಿ ಮುಗಿದ ಮೇಲೆ ಏನು? ಹೆಚ್ಚಿನ ಭಯ ಇಲ್ಲಿದೆ, ಅದರಲ್ಲಿ ಒಂದು ಭಾಗ ಅನಗತ್ಯ. 15 ವರ್ಷ ಕಳೆದಾಗ ದಂಪತಿಗೆ 81, 76. ಬ್ಯಾಂಕು ಅವರನ್ನು ಹೊರಹಾಕುವಂತಿಲ್ಲ, ಸಾಲ ವಾಪಸು ಕೇಳುವಂತಿಲ್ಲ. ಆದರೆ ತಿಂಗಳ ಹಣ ನಿಂತುಹೋಗುತ್ತದೆ. ಅಂದರೆ ದುಡಿಯಲಾಗದ, ಖರ್ಚು ಹೆಚ್ಚುವ ವಯಸ್ಸಿನಲ್ಲೇ ಆದಾಯ ಕೈಬಿಡುತ್ತದೆ. ಬಡ್ಡಿ ಮಾತ್ರ ಬೆಳೆಯುತ್ತದೆ: ಹೆಂಡತಿ ಇನ್ನೂ ಎಂಟು ವರ್ಷ, 84ರವರೆಗೆ ಬದುಕಿದರೆ 30 ಲಕ್ಷ 66.5 ಲಕ್ಷವಾಗಿರುತ್ತದೆ. ಮನೆಯ ಬೆಲೆ ವರ್ಷಕ್ಕೆ ಶೇ 3ರಂತಷ್ಟೇ ಏರಿದ್ದರೂ ಆ ಹೊತ್ತಿಗೆ ಅದು 98 ಲಕ್ಷ ದಾಟಿರುತ್ತದೆ, ಮಕ್ಕಳಿಗೂ ಒಂದಿಷ್ಟು ಉಳಿಯುತ್ತದೆ. ಬೆಲೆ 50 ಲಕ್ಷದಲ್ಲೇ ನಿಂತಿದ್ದರೆ ಬಾಕಿ 16.5 ಲಕ್ಷ ಬ್ಯಾಂಕಿನ ನಷ್ಟ. ಮನೆ ಮಾರಿ ಬಂದದ್ದಕ್ಕಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ, ಮಕ್ಕಳ ಮೇಲೆ ಹೊಣೆ ಬೀಳುವುದಿಲ್ಲ. ಬ್ಯಾಂಕುಗಳು ಈ ಸಾಲದಲ್ಲಿ ಉತ್ಸಾಹ ತೋರದಿರುವುದಕ್ಕೆ ಈ ಭರವಸೆಯೂ ಒಂದು ಕಾರಣ. ಬದುಕಿರುವವರೆಗೂ ಹಣ ಬರುವಂತೆ ವಿಮಾ ಕಂಪನಿಯ ವರ್ಷಾಶನದೊಡನೆ ಜೋಡಿಸಿದ ರೂಪವನ್ನು ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ಸ್ಟಾರ್ ಯೂನಿಯನ್ ದಾಯ್-ಇಚಿ ಜೀವ ವಿಮಾ ಕಂಪನಿಯ ಜೊತೆ 2009ರಲ್ಲೇ ತಂದಿತು. ಅವಧಿಯ ಸಮಸ್ಯೆಗೆ ಸರಿಯಾದ ಮದ್ದು ಅದೇ. ಸಾಲ ಕೇಳಲು ಹೋದವರು ಮೊದಲು ವಿಚಾರಿಸಬೇಕಾದದ್ದೂ ಅದನ್ನೇ.

ಇನ್ನು ಸದ್ದಿಲ್ಲದೆ ಬರುವ ಅಪಾಯವೊಂದಿದೆ. ಮನೆಯಲ್ಲಿ ಒಂದು ವರ್ಷ ಸತತವಾಗಿ ವಾಸವಿಲ್ಲದಿದ್ದರೆ ಶಾಶ್ವತವಾಗಿ ಬಿಟ್ಟುಹೋದಂತೆ ಎಣಿಸಿ ಸಾಲ ವಸೂಲಿಗೆ ಬರುತ್ತದೆ. ಮೊಮ್ಮಗು ಹುಟ್ಟಿತೆಂದು ಬೆಂಗಳೂರಿಗೆ ಹೋದ ಅಜ್ಜ ಅಜ್ಜಿ ಎರಡು ವರ್ಷ ಅಲ್ಲೇ ಉಳಿಯುವುದು ಈ ಸೀಮೆಯಲ್ಲಿ ತೀರ ಸಹಜ. ಹಬ್ಬಕ್ಕೆ ಬಂದು ಬೀಗ ತೆಗೆದು ಹೋದರೆ ಸಾಕೇ ಎಂಬುದು ಜಗಳಕ್ಕೆ ಆಸ್ಪದ ಕೊಡುವ ಪ್ರಶ್ನೆ. ವಿದ್ಯುತ್ ಬಿಲ್ಲು, ನೀರಿನ ಬಿಲ್ಲು ಚಾಲ್ತಿಯಲ್ಲಿರುವುದು, ಬ್ಯಾಂಕಿಗೆ ಮೊದಲೇ ಪತ್ರ ಬರೆದು ಸ್ವೀಕೃತಿ ಪಡೆಯುವುದು ಕ್ಷೇಮ. ಮನೆ ಕಂದಾಯ, ಕಟ್ಟಡದ ವಿಮೆ, ರಿಪೇರಿ ಇವೂ ಸಾಲಗಾರರ ಹೊಣೆಯೇ, ಇವು ತಪ್ಪಿದರೂ ಅದೇ ಪರಿಣಾಮ. ಹೆಂಡತಿಯ ಹೆಸರು ಜಂಟಿ ಸಾಲಗಾರರಾಗಿ ಸೇರಿದೆಯೇ ಎಂಬುದನ್ನು ಎರಡು ಸಲ ನೋಡಬೇಕು. ಆಕೆಗೆ 55 ತುಂಬಿಲ್ಲವೆಂದು ಗಂಡ ಒಬ್ಬರೇ ಸಹಿ ಹಾಕಿದ್ದರೆ, ಅವರು ತೀರಿಕೊಂಡ ದಿನವೇ ಸಾಲ ವಸೂಲಿಗೆ ಬರುತ್ತದೆ, ಆಕೆ ಮನೆಯಲ್ಲಿ ಉಳಿಯುವ ಹಕ್ಕು ಅಲ್ಲಿಗೆ ಅಲುಗಾಡುತ್ತದೆ. ಇಂಥ ಸಂದರ್ಭದಲ್ಲಿ ಆಕೆಗೆ ವಯಸ್ಸು ತುಂಬುವವರೆಗೆ ಕಾಯುವುದೇ ಮೇಲು. ಸಹಿ ಹಾಕಿದ ಮೇಲೆ ಹಿಂದೆ ಸರಿಯಲು ಮಾರ್ಗಸೂಚಿ ಕೊಡುವ ಕಾಲ ಮೂರು ಕೆಲಸದ ದಿನ ಮಾತ್ರ.

ಹೋಲಿಕೆಗೆ ಊರಿನದೇ ಒಂದು ಪದ್ಧತಿಯನ್ನು ಇಡಬಹುದು. ಮೇಲಿನ ಮಹಡಿಯನ್ನು 5 ಲಕ್ಷಕ್ಕೆ ಲೀಸಿಗೆ, ಹಳಬರ ಮಾತಿನಲ್ಲಿ ಭೋಗ್ಯಕ್ಕೆ, ಕೊಟ್ಟು ಆ ಹಣವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿಟ್ಟರೆ, 2023ರ ಏಪ್ರಿಲ್‌ನಲ್ಲಿ ಗೊತ್ತುಮಾಡಿದ ಶೇ 8.2ರ ದರದಲ್ಲಿ ಮೂರು ತಿಂಗಳಿಗೊಮ್ಮೆ 10,250 ರೂಪಾಯಿ ಬರುತ್ತದೆ. ತಿಂಗಳಿಗೆ 3,400ರ ಮೇಲೆ. ಇದು ನಮ್ಮ ಮಾದರಿ ದಂಪತಿಯ ಕಂತಿನ ಹೆಚ್ಚುಕಡಿಮೆ ಅರ್ಧ, ಮನೆಯ ಮೇಲೆ ಬೆಳೆಯುವ ಸಾಲವಿಲ್ಲ, ಪತ್ರ ಬ್ಯಾಂಕಿಗೆ ಹೋಗುವುದಿಲ್ಲ. ಷರತ್ತು ಒಂದೇ, ಅಸಲನ್ನು ಮುಟ್ಟಬಾರದು. ಲೀಸು ಮುಗಿದಾಗ 5 ಲಕ್ಷ ಪೂರ್ತಿ ವಾಪಸು ಕೊಡಬೇಕು. ಮಹಡಿಯಿರುವ ಮನೆಗೆ ನಾನು ಇದನ್ನೇ ಮೊದಲು ಪರಿಶೀಲಿಸಲು ಹೇಳುತ್ತೇನೆ. ಒಂದೇ ಅಂಕಣದ, ಬಾಡಿಗೆಗೆ ಕೊಡಲು ಜಾಗವಿಲ್ಲದ, ಕ್ರಯಪತ್ರ ನೇರವಾಗಿರುವ ಮನೆಯಲ್ಲಿ ಎಪ್ಪತ್ತೈದರ ಆಸುಪಾಸಿನ ದಂಪತಿಗೆ ರಿವರ್ಸ್ ಮಾರ್ಟ್‌ಗೇಜ್ ನಿಜವಾಗಿ ಹೊಂದುತ್ತದೆ. ಮನೆಯನ್ನು ಮಕ್ಕಳಿಗೆ ದಾನಪತ್ರ ಬರೆದುಕೊಟ್ಟು ಅವರ ಆಸರೆ ನಂಬುವುದಕ್ಕಿಂತಲೂ ಇದು ಗಟ್ಟಿ. 2007ರ ಹಿರಿಯ ನಾಗರಿಕರ ಕಾಯ್ದೆಯ ಕಲಂ 23ರಡಿ ಅಂಥ ದಾನವನ್ನು ರದ್ದು ಮಾಡಿಸಬಹುದಾದರೂ, ಪೋಷಣೆಯ ಷರತ್ತು ಪತ್ರದಲ್ಲೇ ಇರದಿದ್ದರೆ ಉಪವಿಭಾಗಾಧಿಕಾರಿಗಳ ಮುಂದೆ ವಾದ ಉದ್ದವಾಗುತ್ತದೆ.

ಕೊನೆಯದು ವಾರಸುದಾರರ ಪಾಲಿನ ಕೆಲಸ. ಸಾಲ ವಸೂಲಿಗೆ ಬಂದಾಗ ಬಾಕಿ ತೀರಿಸಿ ಮನೆ ಉಳಿಸಿಕೊಳ್ಳುವ ಮೊದಲ ಅವಕಾಶ ಅವರದು. ಆದರೆ ಮನೆ ಮಾರಲು ಮಾರ್ಗಸೂಚಿ ಸೂಚಿಸುವ ಕಾಲ ಎರಡು ತಿಂಗಳಷ್ಟು. ಮರಣ ಪ್ರಮಾಣಪತ್ರ, ವಂಶವೃಕ್ಷ, ಖಾತೆ ಬದಲಾವಣೆ ಇಷ್ಟರಲ್ಲೇ ಅದು ಕಳೆದುಹೋಗಬಹುದು. ಅವಸರದ ಮಾರಾಟದಲ್ಲಿ ಬೆಲೆ ಬೀಳುತ್ತದೆ, ಉಳಿಯಬೇಕಾದ ಹಣ ಕರಗುತ್ತದೆ. ಆದ್ದರಿಂದ ಸಾಲದ ಜೊತೆಗೇ ನೋಂದಾಯಿತ ವಿಲ್ ಬರೆಸಿ, ಅದರಲ್ಲಿ ಈ ಅಡಮಾನವನ್ನು ಉಲ್ಲೇಖಿಸಿ, ಉಳಿಕೆ ಹಣ ಯಾರಿಗೆ ಎಷ್ಟು ಎಂದು ಕಾಣಿಸುವುದು ಅಗತ್ಯ. ಬ್ಯಾಂಕೂ ಇಂಥ ವಿಲ್ ಕೇಳಬಹುದು. ಅದರ ಒಂದು ಪ್ರತಿ, ಸಾಲದ ಕರಾರಿನ ಒಂದು ಪ್ರತಿ, ಮೌಲ್ಯಮಾಪನ ವರದಿ ಮತ್ತು ವರ್ಷ ವರ್ಷದ ಬಾಕಿ ವಿವರ ಹಿರಿಯರ ಬೀರುವಿನಲ್ಲಷ್ಟೇ ಅಲ್ಲದೆ ಮಕ್ಕಳಲ್ಲಿ ಒಬ್ಬರ ಬಳಿಯೂ ಇರಬೇಕು.